ಆಟೋಮ್ಯಾಟಿಕ್ ಕಾರು: ಯಾವ ಗೇರ್‌ಬಾಕ್ಸ್ ಬಾಳಿಕೆ ಬಂದೀತು?

ಕ್ಲಚ್ ಪೆಡಲ್ ಇಲ್ಲದ ಕಾರುಗಳನ್ನೆಲ್ಲ ಶೋರೂಮಿನಲ್ಲಿ ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಿಂದ ಮಾರುತ್ತಾರೆ. ಆ ಹೆಸರಿನ ಹಿಂದೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ: ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ ಮತ್ತು ಎಎಂಟಿ. ಒಂದೇ ಕಾರಿನಲ್ಲಿಯೂ ಇವು ಬೇರೆಯಾಗಿರಬಹುದು. 2020ರಲ್ಲಿ ಭಾರತಕ್ಕೆ ಬಂದ ಹ್ಯುಂಡೈ ಕ್ರೆಟಾವನ್ನೇ ನೋಡಿ. ಅದರ ಸಾಧಾರಣ ಪೆಟ್ರೋಲ್ ಎಂಜಿನ್ನಿಗೆ ಸಿವಿಟಿ (ಕಂಪನಿ ಅದನ್ನು ಐವಿಟಿ ಎಂದು ಕರೆಯುತ್ತದೆ), ಡೀಸೆಲ್‌ಗೆ ಆರು ಗೇರಿನ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲ್‌ಗೆ ಏಳು ಗೇರಿನ ಡಿಸಿಟಿ. ಅದೇ ಕಂಪನಿಯ ಚಿಕ್ಕ ಕಾರು ಗ್ರಾಂಡ್ ಐ10 ನಿಯೋಸ್‌ನಲ್ಲಿ ಎಎಂಟಿ. ಎಂಜಿನ್ ಆರಿಸಿದವರು ತಮಗೆ ಗೊತ್ತಿಲ್ಲದೆಯೇ ಗೇರ್‌ಬಾಕ್ಸನ್ನೂ ಆರಿಸಿರುತ್ತಾರೆ.

ಬಾಳಿಕೆಯ ಲೆಕ್ಕ ಹಾಕಲು ಒಂದೇ ಪ್ರಶ್ನೆ ಸಾಕು: ಕಾರು ನಿಂತಲ್ಲಿಂದ ಹೊರಡುವಾಗ ಯಾವ ಭಾಗ ಜಾರುತ್ತದೆ? ಎಂಜಿನ್ ನಿಮಿಷಕ್ಕೆ ಎಂಟುನೂರು ಸುತ್ತಿನಷ್ಟಾದರೂ ತಿರುಗುತ್ತಲೇ ಇರಬೇಕು, ಚಕ್ರ ಮಾತ್ರ ನಿಂತಿರುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಜಾರುವಿಕೆ ಇರಲೇಬೇಕು. ಜಾರಿದಲ್ಲಿ ಶಾಖ ಹುಟ್ಟುತ್ತದೆ, ಶಾಖ ಹೆಚ್ಚಾದಲ್ಲಿ ಸವೆತ ಶುರುವಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ತೆವಳುವ ಕಾರಿಗೆ ಈ ಜಾರುವಿಕೆ ನೂರಾರು ಸಲ ಆಗುತ್ತದೆ. ಹೆದ್ದಾರಿಯಲ್ಲಿ ಓಡುವ ಕಾರಿಗೆ ಅಷ್ಟು ಜಾರುವಿಕೆಯಾಗಲು ವಾರಗಳೇ ಬೇಕು.

ಟಾರ್ಕ್ ಕನ್ವರ್ಟರಿನಲ್ಲಿ ಜಾರುವುದು ಆಯಿಲ್. ಎದುರುಬದುರಾಗಿಟ್ಟ ಎರಡು ಫ್ಯಾನ್‌ಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಎಂಜಿನ್ ಕಡೆಯ ಚಕ್ರ ಆಯಿಲನ್ನು ತಳ್ಳುತ್ತದೆ, ಆ ಆಯಿಲ್ ಗೇರ್‌ಬಾಕ್ಸ್ ಕಡೆಯ ಚಕ್ರವನ್ನು ತಿರುಗಿಸುತ್ತದೆ. ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಹುಟ್ಟಿದ ಶಾಖವನ್ನು ಆಯಿಲ್ ಕೂಲರ್ ಹೊರಹಾಕುತ್ತದೆ. ವೇಗ ಕೂಡಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಬಿಗಿದು ಜಾರುವಿಕೆ ನಿಲ್ಲಿಸುತ್ತದೆ. ತೆವಳುವ ಟ್ರಾಫಿಕ್ಕನ್ನು ಈ ಗೇರ್‌ಬಾಕ್ಸ್ ಉಳಿದೆಲ್ಲಕ್ಕಿಂತ ನಿರಾಳವಾಗಿ ತಡೆದುಕೊಳ್ಳುವುದು ಇದರಿಂದಲೇ.

ಇದರ ಆಯುಷ್ಯ ನಿಂತಿರುವುದು ಆ ಆಯಿಲಿನ ಮೇಲೆ. ಅನೇಕ ಕಾರು ಕಂಪನಿಗಳು ‘ಈ ಆಯಿಲ್ ಜೀವಮಾನಪೂರ್ತಿ ಸಾಕು’ ಎನ್ನುತ್ತವೆ. ಗೇರ್‌ಬಾಕ್ಸನ್ನೇ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿ ಮಾತ್ರ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿನ ಒಳಗೆ, ತಪ್ಪಿದರೆ ಎಂಟು ವರ್ಷಕ್ಕಾದರೂ ಆಯಿಲ್ ಬದಲಿಸಲು ಹೇಳುತ್ತದೆ. ತಯಾರಿಸಿದವರ ಮಾತನ್ನು ನಂಬುವುದು ಮೇಲು. ಹಳೆಯ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಡಿ ಅಥವಾ ಆರ್‌ಗೆ ಹಾಕಿದಾಗ ಒಂದೆರಡು ಸೆಕೆಂಡ್ ತಡವಾಗಿ ಧಡಕ್ಕೆಂದು ಗೇರ್ ಕೂತರೆ ಒಳಗಿನ ವಾಲ್ವ್ ಬಾಡಿಯನ್ನು ಪರೀಕ್ಷಿಸಬೇಕು. ಆಯಿಲ್ ಬದಲಾವಣೆಗೆ ಸಾವಿರಗಳ ಲೆಕ್ಕದಲ್ಲಿ ಹಣ ಹೋಗುತ್ತದೆ. ಪೂರ್ತಿ ಬಿಚ್ಚಿ ಕಟ್ಟಬೇಕಾದರೆ ಲಕ್ಷ ಮುಟ್ಟಬಹುದು. ಆದರೆ ದಶಕಗಳಿಂದ ಚಾಲ್ತಿಯಲ್ಲಿರುವ ಯಂತ್ರವಾದ್ದರಿಂದ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳು ದೊಡ್ಡ ಊರುಗಳಲ್ಲಿ ಸಿಗುತ್ತಾರೆ.

ಎಎಂಟಿ ಇದರ ಪೂರ್ತಿ ವಿರುದ್ಧ. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಚಾಲಕನ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ, ಅಷ್ಟೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮಲ್ಲಿ ಜನಪ್ರಿಯವಾಯಿತು. ಇಲ್ಲಿ ಜಾರುವುದು ಒಣ ಕ್ಲಚ್ ಪ್ಲೇಟ್. ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಲದಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಅದನ್ನು ಬೇಗ ಸುಡುತ್ತದೆ. ಹೊರಡುವಾಗ ನಡುಕ, ಕ್ಲಚ್ ಸುಟ್ಟ ವಾಸನೆ, ಗೇರ್ ಕೂರದೆ ನ್ಯೂಟ್ರಲ್‌ನಲ್ಲೇ ಉಳಿಯುವುದು ಇದರ ಮುನ್ಸೂಚನೆಗಳು. ಸಮಾಧಾನದ ಸಂಗತಿ ಎಂದರೆ ಕ್ಲಚ್ ಬದಲಿಸುವ ಖರ್ಚು ಮ್ಯಾನ್ಯುಯಲ್ ಕಾರಿನದಕ್ಕಿಂತ ಬಹಳ ಹೆಚ್ಚಿಲ್ಲ. ಹೊಸ ಕ್ಲಚ್ ಹಾಕಿದ ಮೇಲೆ ಅದು ಹಿಡಿಯುವ ಜಾಗವನ್ನು ಸ್ಕ್ಯಾನರ್ ಜೋಡಿಸಿ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಅದನ್ನು ಬಿಟ್ಟರೆ ಹೊಸ ಕ್ಲಚ್ಚೂ ಜರ್ಕ್ ಹೊಡೆಯುತ್ತದೆ. ಆಕ್ಚುಯೇಟರ್ ಕೆಟ್ಟರೆ ಮಾತ್ರ ಹತ್ತಾರು ಸಾವಿರ ರೂಪಾಯಿಯ ಮಾತು.

ಡಿಸಿಟಿ ಎಂದರೆ ಎರಡು ಕ್ಲಚ್. ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6ನ್ನು ನೋಡಿಕೊಳ್ಳುತ್ತದೆ. ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಓಡಿಸಲು ಇದರಷ್ಟು ಖುಷಿ ಕೊಡುವ ಗೇರ್‌ಬಾಕ್ಸ್ ಇನ್ನೊಂದಿಲ್ಲ. ತೊಂದರೆ ಒಣ ಕ್ಲಚ್‌ಗಳದು. ಎಎಂಟಿಯಂತೆಯೇ ಇಲ್ಲಿಯೂ ತೆವಳುವಾಗ ಪ್ಲೇಟುಗಳೇ ಜಾರುತ್ತವೆ, ಶಾಖ ಒಯ್ಯಲು ಆಯಿಲ್ ಇರುವುದಿಲ್ಲ. ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಎಂಬ ಒಣ ಡಿಸಿಟಿಯ ನಡುಕದ ಬಗ್ಗೆ ಗ್ರಾಹಕರು ಕೊಟ್ಟ ದೂರುಗಳನ್ನು ನಡೆಸಿಕೊಂಡ ರೀತಿಗಾಗಿ 2018ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಅಲ್ಲಿನ ಫೋರ್ಡ್‌ಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಭಾರತದಲ್ಲಿ ಡಿಸಿಟಿಯೊಂದಿಗೆ ಬಂದಿದ್ದ ಇಕೊಸ್ಪೋರ್ಟ್‌ಗೂ 2017ರಲ್ಲಿ ಟಾರ್ಕ್ ಕನ್ವರ್ಟರ್ ಬಂತು. ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿರುವ ‘ವೆಟ್’ ಡಿಸಿಟಿ ಶಾಖವನ್ನು ಚೆನ್ನಾಗಿ ತಾಳುತ್ತದೆ. ಟಾಟಾ ಆಲ್ಟ್ರೋಜ್‌ನದು ಆ ಬಗೆಯದು. ಕೊಳ್ಳುವ ಮುನ್ನ ಒಣದೋ ವೆಟ್ಟೋ ಎಂದು ಕೇಳಲೇಬೇಕು.

ಸಮ ಸಂಖ್ಯೆಯ ಗೇರುಗಳು ಮಾತ್ರ, ಇಲ್ಲವೇ ಬೆಸ ಸಂಖ್ಯೆಯವು ಮಾತ್ರ ಮಾಯವಾದರೆ ಡಿಸಿಟಿಯ ಒಂದು ಬದಿ ಕೈಕೊಟ್ಟಿದೆ ಎಂದೇ ತಿಳಿಯಬೇಕು. ಆಗ ತಪ್ಪು ಕ್ಲಚ್‌ನದಾಗಿರಬಹುದು, ಇಲ್ಲವೇ ಗೇರುಗಳನ್ನು ನಿಯಂತ್ರಿಸುವ ಮೆಕಟ್ರಾನಿಕ್ ಘಟಕದ್ದಾಗಿರಬಹುದು. ಈ ಘಟಕ ಬದಲಿಸಬೇಕಾಗಿ ಬಂದರೆ ಹಲವು ಕಾರುಗಳಲ್ಲಿ ಬಿಲ್ ಲಕ್ಷ ದಾಟುತ್ತದೆ.

ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಸಾಲು ಇಲ್ಲ. ಅಗಲ ಬದಲಿಸುವ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನ್ ಓಡುತ್ತದೆ. ಈಗಿನ ಬಹುತೇಕ ಸಿವಿಟಿಗಳಲ್ಲಿ ಹೊರಡಲು ಟಾರ್ಕ್ ಕನ್ವರ್ಟರ್ರೇ ಇರುವುದರಿಂದ ಟ್ರಾಫಿಕ್ ಇದಕ್ಕೆ ಶತ್ರುವಲ್ಲ. ಶತ್ರು ಎಂದರೆ ಒತ್ತಡದ ಕೊರತೆ. ರಾಟೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವುದು ಆಯಿಲ್ ಒತ್ತಡದಿಂದ. ಆಯಿಲ್ ಹಳತಾಗಿ ಆ ಒತ್ತಡ ಕುಗ್ಗಿದರೆ ಬೆಲ್ಟ್ ಜಾರಿ ರಾಟೆಯ ಮೈ ಗೀರುತ್ತದೆ. ಗೀರಿದ ರಾಟೆಯನ್ನು ಊರಿನ ಗ್ಯಾರೇಜಿನಲ್ಲಿ ಸರಿಪಡಿಸಲಾಗದು, ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸುತ್ತಾರೆ. ಅಮೆರಿಕದಲ್ಲಿ ದೂರುಗಳು ಹೆಚ್ಚಾದಾಗ ನಿಸಾನ್ ಕಂಪನಿ 2003ರಿಂದ 2010ರವರೆಗಿನ ಸಿವಿಟಿ ಕಾರುಗಳಿಗೆ ವಾರಂಟಿಯನ್ನು ಹತ್ತು ವರ್ಷ ಅಥವಾ 1,20,000 ಮೈಲಿಗೆ ವಿಸ್ತರಿಸಬೇಕಾಯಿತು. ವೇಗದೊಂದಿಗೆ ಏರುವ ಗುಂಯ್‌ಗುಟ್ಟುವ ಸದ್ದು, ನಿಧಾನದಲ್ಲಿ ನಡುಕ ಬಂದರೆ ತಡಮಾಡಬಾರದು. ಸಿವಿಟಿಗೆಂದೇ ಇರುವ ಆಯಿಲನ್ನೇ ಹಾಕಬೇಕು, ಬೇರೆ ಆಟೋಮ್ಯಾಟಿಕ್ ಆಯಿಲ್ ನಡೆಯದು.

ಈಗ ಕ್ರೆಟಾಕ್ಕೆ ಮರಳೋಣ. ಏಳು ವರ್ಷ ಇಟ್ಟುಕೊಂಡು ನಗರದಲ್ಲೇ ಓಡಿಸುವವರಿಗೆ ಡೀಸೆಲ್ಲಿನ ಟಾರ್ಕ್ ಕನ್ವರ್ಟರ್ ಅತಿ ಸುರಕ್ಷಿತ ಆಯ್ಕೆ. ವರ್ಷಕ್ಕೆ ಎಂಟು ಹತ್ತು ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸುವವರಿಗೆ, ಆಯಿಲ್ ಬದಲಿಸುವ ಶಿಸ್ತು ಇದ್ದರೆ ಸಿವಿಟಿ ಸಾಕು. ಹೆದ್ದಾರಿಯೇ ಹೆಚ್ಚು, ವಾರಂಟಿ ಮುಗಿಯುವ ಮುನ್ನ ಕಾರು ಮಾರುತ್ತೇವೆ ಎನ್ನುವವರಿಗೆ ಡಿಸಿಟಿ. ಬಜೆಟ್ ಚಿಕ್ಕದಾಗಿ, ಊರಿನ ಮೆಕ್ಯಾನಿಕ್ಕನ್ನೇ ನಂಬಿರುವವರಿಗೆ ನಿಯೋಸ್‌ನ ಎಎಂಟಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಕೇಳಿ, ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರನ್ನು ಬೆಳಗ್ಗೆ ತಾವೇ ಸ್ಟಾರ್ಟ್ ಮಾಡಿ, ಕನಿಷ್ಠ ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿದ ಮೇಲೆಯೇ ಮುಂಗಡ ಕೊಡಬೇಕು.