ಖಾತೆಯಲ್ಲಿ ದುಡ್ಡಿದೆ, ಇಪ್ಪತ್ತೊಂದನೆಯವನಿಗೆ ಮಾತ್ರ ಹೋಗಲಿಲ್ಲ

ಶನಿವಾರ ಸಂಜೆ ಐದು ಗಂಟೆ, ಬಟವಾಡೆಯ ಹೊತ್ತು. ಮೇಸ್ತ್ರಿಯೊಬ್ಬರ ಖಾತೆಯಲ್ಲಿ 80,000 ರೂಪಾಯಿ ಇದೆ, ಕೆಲಸಗಾರರು 22 ಮಂದಿ, ತಲೆಗೆ 900 ರೂಪಾಯಿ ಅಂದುಕೊಳ್ಳಿ. ಇಪ್ಪತ್ತು ಜನರಿಗೆ ಸರಾಗವಾಗಿ ಹೋಯಿತು. ಇಪ್ಪತ್ತೊಂದನೆಯವನ ಹತ್ತಿರ ಬಂದಾಗ ಪಾವತಿ ವಿಫಲ. ಹೋಗಿರುವುದು 18,000 ಮಾತ್ರ. ಇನ್ನೂ 62,000 ಖಾತೆಯಲ್ಲೇ ಕೂತಿದೆ. ಮೇಸ್ತ್ರಿ ನೆಟ್‌ವರ್ಕ್ ಬೈದು, ಇನ್ನೊಂದು ಆ್ಯಪ್ ತೆರೆದು ಅದೇ ಖಾತೆಯಿಂದ ಕಳಿಸಿದರು. ಅಲ್ಲೂ ಅದೇ ಉತ್ತರ.

ಆ್ಯಪ್ ಬದಲಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಲೆಕ್ಕ ಇಡುವುದು ಬ್ಯಾಂಕು. ನೀವು ಪಿನ್ ಒತ್ತಿದ ಮೇಲೆ ಕೋರಿಕೆ ಎನ್‌ಪಿಸಿಐ ಮೂಲಕ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ಪಿನ್ ಸರಿಯಿದೆಯೇ, ಹಣ ಇದೆಯೇ ಎಂದು ನೋಡುವುದರ ಜೊತೆಗೆ, ಈ ಖಾತೆಯಿಂದ ಇಂದು ಎಷ್ಟು ಹೋಗಿದೆ, ಎಷ್ಟು ಸಲ ಹೋಗಿದೆ ಎಂದೂ ನೋಡುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವುದಕ್ಕೆ ಸಾಮಾನ್ಯ ಮಿತಿ ದಿನಕ್ಕೆ ಒಂದು ಲಕ್ಷ ರೂಪಾಯಿ, 20 ಸಲ. ಎರಡರಲ್ಲಿ ಯಾವುದು ಮೊದಲು ಮುಟ್ಟಿದರೂ ಬಾಗಿಲು ಮುಚ್ಚುತ್ತದೆ. ಬ್ಯಾಂಕು ಇದಕ್ಕಿಂತ ಕಡಿಮೆ ಇಟ್ಟುಕೊಳ್ಳಬಹುದು. ಹತ್ತಕ್ಕೇ ನಿಲ್ಲಿಸುವ ಬ್ಯಾಂಕೂ ಇದೆ. ತೆರಿಗೆ, ಆಸ್ಪತ್ರೆ, ಕಾಲೇಜು ಶುಲ್ಕದಂತಹ ಕೆಲವು ಪಾವತಿಗಳಿಗೆ ಹೆಚ್ಚಿನ ಮಿತಿ ಉಂಟು, ಅದೂ ಹಣ ಪಡೆಯುವವರು ಆ ವರ್ಗದಲ್ಲಿ ನೋಂದಾಯಿತರಾಗಿದ್ದರೆ. ಬೀದಿಬದಿ ಅಂಗಡಿಯವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿದ್ದರೆ, ನಿಮ್ಮ ಚಹಾದ ಹತ್ತು ರೂಪಾಯಿಯೂ ಆ 20ರಲ್ಲಿ ಒಂದಾಗಬಹುದು.

ತಡೆ ಯಾವುದೆಂದು ತಿಳಿಯಲು ಸುಳಿವುಂಟು. ವಹಿವಾಟಿನ ವಿವರದಲ್ಲಿ ಕೋಡ್ ತೋರಿಸಿದರೆ, Z9 ಅಂದರೆ ಹಣ ಸಾಲದು, Z8 ಅಂದರೆ ಒಂದೇ ಪಾವತಿಯ ಮೊತ್ತ ಮಿತಿ ದಾಟಿದೆ, Z7 ಅಂದರೆ ಸಲಗಳ ಸಂಖ್ಯೆ ಮುಗಿದಿದೆ. ಮೇಸ್ತ್ರಿಯದು Z7. ಬಹಳಷ್ಟು ಆ್ಯಪ್‌ಗಳು ಕೋಡ್ ತೋರಿಸದೆ ‘ಬ್ಯಾಂಕ್ ಮಿತಿ ಮೀರಿದೆ’ ಎಂದಷ್ಟೇ ಹೇಳುತ್ತವೆ. ಯಾವ ಮಿತಿ ಎಂದು ಹೇಳಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಮಧ್ಯರಾತ್ರಿ ಕಳೆದರೆ ಸರಿಹೋಗುತ್ತದೆಯೇ? ಅದು ಬ್ಯಾಂಕಿನ ಮೇಲೆ. ಕೆಲವು ಬ್ಯಾಂಕುಗಳು ತಾರೀಖು ನೋಡುತ್ತವೆ, ಕೆಲವು ಹಿಂದಿನ 24 ಗಂಟೆ ನೋಡುತ್ತವೆ. ಎರಡನೆಯ ಬಗೆಯದಾದರೆ ಮೇಸ್ತ್ರಿ ಭಾನುವಾರ ಬೆಳಿಗ್ಗೆ ಕಳಿಸಿದರೂ ಹೋಗದು, ಸಂಜೆ ಐದರ ತನಕ ಕಾಯಬೇಕು. ಕಾಯಲಾಗದಿದ್ದರೆ ಬೇರೆ ಬ್ಯಾಂಕಿನ ಖಾತೆಯಿಂದ ಕಳಿಸಬಹುದು, ಇಲ್ಲವೇ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲಿ ಐಎಂಪಿಎಸ್ ಅಥವಾ ಎನ್‌ಇಎಫ್‌ಟಿ ಬಳಸಬಹುದು. ಅವುಗಳ ಮಿತಿ ಬೇರೆ.

ಹೊಸ ಫೋನ್ ಕೊಂಡವರ ಕಥೆಯೇ ಬೇರೆ. ಯುಪಿಐ ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ. ಸಿಮ್ ಕದ್ದವರು ಖಾತೆ ಬರಿದು ಮಾಡದಿರಲಿ ಎಂದು ಇಟ್ಟ ತಡೆ ಇದು. ಹಾಗಾಗಿ ಶುಕ್ರವಾರ ರಾತ್ರಿ ಫೋನ್ ಬದಲಿಸಿದ ಮೇಸ್ತ್ರಿಗೆ ಶನಿವಾರ ಸಂಜೆ ಆರನೆಯವನಿಗೇ ಕೈ ಕಟ್ಟುತ್ತದೆ.