ಪ್ರೊಬೇಷನ್ ಮುಗಿಯುವ ಮೊದಲು

ಹೊಸ ನೌಕರರ ಪ್ರೊಬೇಷನ್ ಬಗ್ಗೆ ತಕರಾರು ಏಳುವುದು ಸಾಮಾನ್ಯವಾಗಿ ಕೊನೆಯ ವಾರದಲ್ಲಿ. ಅದರ ಬೇರು ಇರುವುದು ಮಾತ್ರ ಮೊದಲ ವಾರದಲ್ಲಿ, ಏನನ್ನು ನೋಡಿ ಖಾಯಂ ಮಾಡುತ್ತೇವೆ ಎಂದು ಯಾರೂ ಬರೆದಿಡದೇ ಇದ್ದುದರಲ್ಲಿ. ‘ಚುರುಕಾಗಿರಬೇಕು’, ‘ಜವಾಬ್ದಾರಿ ಇರಬೇಕು’ ಎಂಬಂಥವು ಗುರಿಗಳಲ್ಲ. ಆರು ತಿಂಗಳ ನಂತರ ಅವನ್ನು ಅಳೆಯಲು ಹೊರಟರೆ ಉಳಿಯುವುದು ಮೇಲಧಿಕಾರಿಯ ಅನಿಸಿಕೆ ಮಾತ್ರ, ಅದರಲ್ಲೂ ಕೊನೆಯ ಎರಡು ವಾರಗಳ ಅನಿಸಿಕೆ.

ಬೆಂಗಳೂರಿನ ಪೀಣ್ಯದಂಥ ಕಡೆಯ ಒಂದು ಸಣ್ಣ ಕಾರ್ಖಾನೆಗೆ ಏಪ್ರಿಲ್ 1ರಂದು ಅಕೌಂಟ್ಸ್ ಸಹಾಯಕಿಯೊಬ್ಬರು ಸೇರಿದರು ಎಂದುಕೊಳ್ಳೋಣ. ಪ್ರೊಬೇಷನ್ ಆರು ತಿಂಗಳು. ಅವರಿಗೆ ಎರಡೇ ಗುರಿ ಸಾಕು. ಮೊದಲನೆಯದು, ಖರೀದಿ ಬಿಲ್ಲು ಕೈಗೆ ಬಂದ ಎರಡು ಕೆಲಸದ ದಿನಗಳಲ್ಲಿ ಅದನ್ನು ಟ್ಯಾಲಿಯಲ್ಲಿ ನಮೂದಿಸುವುದು. ಎರಡನೆಯದು, ಸರಬರಾಜುದಾರರು ಸಲ್ಲಿಸಿದ ವಿವರಗಳಿಂದ ಪ್ರತಿ ತಿಂಗಳ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ ಹಿಂದಿನ ತಿಂಗಳ ಖರೀದಿ ಲೆಕ್ಕವನ್ನು 18ರೊಳಗೆ ತಾಳೆ ನೋಡುವುದು. ತಮ್ಮ ನಮೂದಿನ ತಪ್ಪಿನಿಂದ ತಾಳೆಯಾಗದ ಬಿಲ್ಲುಗಳು ಎರಡನ್ನು ಮೀರಬಾರದು. ತೆರಿಗೆ ರಿಟರ್ನ್‌ಗೆ 20 ಕೊನೆಯ ದಿನ. ತಾಳೆಯಾಗದ ಬಿಲ್ಲಿನ ತೆರಿಗೆ ಕ್ರೆಡಿಟ್ಟನ್ನು ಆ ತಿಂಗಳು ಬಿಟ್ಟರೆ ಅಷ್ಟು ಹಣವನ್ನು ಕಾರ್ಖಾನೆ ಕೈಯಿಂದ ಕಟ್ಟಬೇಕು. ಹಾಗಾಗಿ ಈ ಗುರಿ ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ ಎಂಬುದು ನೌಕರರಿಗೂ ಅರ್ಥವಾಗುತ್ತದೆ.

ಇನ್ನು ಸಭೆಗಳು. ಏಪ್ರಿಲ್ ಕೊನೆ, ಜೂನ್ ಕೊನೆ, ಆಗಸ್ಟ್ ಕೊನೆ ಎಂದು ಮೂರು ದಿನಗಳನ್ನು ಸೇರಿದಾಗಲೇ ಗೊತ್ತು ಮಾಡಿಕೊಳ್ಳಬೇಕು. ಏಪ್ರಿಲ್ ಸಭೆ ಕೆಲಸ ಕಲಿತದ್ದನ್ನು ವಿಚಾರಿಸಲಷ್ಟೇ. ಜೂನ್ ಸಭೆಯೇ ಮುಖ್ಯವಾದದ್ದು: ತಪ್ಪು ಕಾಣುವಷ್ಟು ಕೆಲಸ ನಡೆದಿರುತ್ತದೆ, ತಿದ್ದಿಕೊಳ್ಳಲು ಸಮಯವೂ ಉಳಿದಿರುತ್ತದೆ. ಮೇ ತಿಂಗಳ ಖರೀದಿಯಲ್ಲಿ 14 ಬಿಲ್ಲುಗಳು ತಾಳೆಯಾಗಿಲ್ಲ. ‘ಇವರಿಗೆ ಕೆಲಸ ಬರುವುದಿಲ್ಲ’ ಎಂದು ಬರೆದುಬಿಡುವುದು ಸುಲಭ. ಆದರೆ ಒಂದೊಂದೇ ಬಿಲ್ಲನ್ನು ತೆಗೆದು ನೋಡಿದರೆ ಎಂಟು ಬಿಲ್ಲುಗಳು ಸ್ಟೋರ್ಸ್‌ನಿಂದ ತಡವಾಗಿ ಬಂದವು. ಉಳಿದ ಆರರಲ್ಲಿ ಬಿಲ್ಲಿನ ಸಂಖ್ಯೆಯೇ ತಪ್ಪಾಗಿದೆ, 1047ರ ಬದಲು 1074. ಎಂಟು ಬಿಲ್ಲುಗಳ ಹೊಣೆ ಸಂಸ್ಥೆಯದು, ಆರು ಬಿಲ್ಲುಗಳದು ನೌಕರರದು. ಈ ಎರಡನ್ನೂ ಬೇರ್ಪಡಿಸದ ಪರಿಶೀಲನೆಗೆ ನ್ಯಾಯಯುತ ಎಂಬ ಹೆಸರು ಸಲ್ಲದು.

ಸಭೆ ಮುಗಿದ ದಿನವೇ ನಾಲ್ಕೈದು ಸಾಲಿನ ಟಿಪ್ಪಣಿ ಮಿಂಚಂಚೆಯಲ್ಲಿ ಹೋಗಬೇಕು: ಕಂಡ ತಪ್ಪು, ಅದರ ಕಾರಣ, ಯಾರು ಏನು ಮಾಡುತ್ತಾರೆ. ಸ್ಟೋರ್ಸ್‌ನವರು ಬಿಲ್ಲನ್ನು ಅದೇ ದಿನ ಕಳಿಸುವುದು. ಸಹಾಯಕಿ ದಿನದ ಕೊನೆಗೆ ನಮೂದುಗಳನ್ನು ಮೂಲ ಬಿಲ್ಲಿನೊಂದಿಗೆ ಇನ್ನೊಮ್ಮೆ ಹೋಲಿಸುವುದು. ನೌಕರರಿಗೆ ಒಪ್ಪಿಗೆಯಿಲ್ಲದಿದ್ದರೆ ಅದೂ ಅದೇ ಟಿಪ್ಪಣಿಯಲ್ಲಿ ದಾಖಲಾಗಬೇಕು.

ಆಗಸ್ಟ್ ಸಭೆಯ ಹೊತ್ತಿಗೆ ಸ್ಟೋರ್ಸ್‌ನ ತೊಡಕು ನಿಂತಿದೆ, ಸಂಖ್ಯೆಯ ತಪ್ಪು ನಾಲ್ಕಕ್ಕೆ ಇಳಿದಿದೆ. ಸೆಪ್ಟೆಂಬರ್ 18ರ ತಾಳೆಯಲ್ಲಿ ಮೂರು. ಮೊದಲ ಗುರಿ ಪೂರ್ತಿ ಮುಟ್ಟಿದೆ, ಎರಡನೆಯದು ಇನ್ನೂ ಮುಟ್ಟಿಲ್ಲ. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಉಳಿದ ಅನುಮಾನವನ್ನು ಇನ್ನಷ್ಟು ಸಮಯ ಬಗೆಹರಿಸುತ್ತದೆಯೇ? ಇಲ್ಲಿ ತಪ್ಪು ಪ್ರತಿಸಲವೂ ಇಳಿಯುತ್ತಿದೆ, ಇನ್ನೆರಡು ತಾಳೆಗಳಲ್ಲಿ ಉತ್ತರ ಸಿಗುತ್ತದೆ. ಆದ್ದರಿಂದ ನವೆಂಬರ್ 30ರವರೆಗೆ ವಿಸ್ತರಣೆ ಸರಿ. ತಪ್ಪು ಆರರಲ್ಲೇ ನಿಂತಿದ್ದರೆ ವಿಸ್ತರಣೆ ಬರೀ ನಿರ್ಧಾರದ ಮುಂದೂಡಿಕೆಯಾಗುತ್ತಿತ್ತು. ಮೇಲಧಿಕಾರಿ ರಜೆಯಲ್ಲಿದ್ದು ಸಭೆಗಳೇ ನಡೆಯದಿದ್ದಾಗ ಪ್ರೊಬೇಷನ್ ವಿಸ್ತರಿಸುವವರಿದ್ದಾರೆ. ಅದು ಸಂಸ್ಥೆಯ ಲೋಪಕ್ಕೆ ನೌಕರರು ತೆರುವ ದಂಡ.

ನಿರ್ಧಾರದ ಪತ್ರ ಸೆಪ್ಟೆಂಬರ್ 30ರ ಒಳಗೇ ಕೈ ಸೇರಬೇಕು. ದಿನ ದಾಟಿದ ಮೌನಕ್ಕೆ ಕಾನೂನಿನಲ್ಲೂ ಬೆಲೆ ಉಂಟು. 1968ರಲ್ಲಿ ಪಂಜಾಬ್ ಸರ್ಕಾರ ಮತ್ತು ಧರಂ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಯಮದಲ್ಲಿ ಪ್ರೊಬೇಷನ್ನಿಗೆ ಗರಿಷ್ಠ ಮಿತಿ ಇದ್ದು, ಅದು ದಾಟಿದ ಮೇಲೂ ಕೆಲಸದಲ್ಲಿ ಮುಂದುವರಿಸಿದ್ದರೆ ನೌಕರರು ಖಾಯಂ ಆದಂತೆಯೇ ಎಂದಿತು. ಅದು ಸರ್ಕಾರಿ ಸೇವೆಯ ಪ್ರಕರಣ. ಖಾಸಗಿ ಸಂಸ್ಥೆಯಲ್ಲಿ ನೇಮಕಾತಿ ಪತ್ರ ಮತ್ತು ಅನ್ವಯಿಸುವ ಸ್ಥಾಯಿ ಆದೇಶಗಳ ಒಕ್ಕಣೆ ಮುಖ್ಯವಾಗುತ್ತದೆ. ಅವುಗಳಲ್ಲಿ ವಿಸ್ತರಣೆಗೆ ಅವಕಾಶವಿದೆಯೇ, ಎಷ್ಟು ತಿಂಗಳು ಎಂಬುದನ್ನು ಮೊದಲು ಓದಿಕೊಳ್ಳಬೇಕು.

ವಿಸ್ತರಣೆಯ ಪತ್ರದಲ್ಲಿ ಹೊಸ ಗುರಿ ಸೇರಿಸುವಂತಿಲ್ಲ. ಮುಟ್ಟಿದ ಗುರಿಯನ್ನು ಮುಟ್ಟಿದೆ ಎಂದೂ, ಉಳಿದದ್ದು ಸಂಖ್ಯೆಯ ತಪ್ಪೊಂದೇ ಎಂದೂ, ಅಕ್ಟೋಬರ್ ಮತ್ತು ನವೆಂಬರ್ 18ರ ತಾಳೆಗಳಲ್ಲಿ ಅದು ಎರಡನ್ನು ಮೀರದಿದ್ದರೆ ಖಾಯಂ ಎಂದೂ ಅದರಲ್ಲಿ ಸ್ಪಷ್ಟವಾಗಿ ಇರಬೇಕು.