ಉಪನ್ಯಾಸದ ವಿಡಿಯೊ ಕಿರಿದುಗೊಳಿಸುವಾಗ: ಗುಣಮಟ್ಟ ನಿಗದಿಯೋ, ಗಾತ್ರ ನಿಗದಿಯೋ?

ತಾಲ್ಲೂಕು ಮಟ್ಟದಲ್ಲಿ ನಡೆಯುವ ತರಬೇತಿ ಉಪನ್ಯಾಸಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಹಾಜರಾಗಲು ಸಾಧ್ಯವಾಗದ ಸದಸ್ಯರಿಗೆ ಕಳುಹಿಸುವ ಪದ್ಧತಿ ಇದೆ. ಸೆಕೆಂಡಿಗೆ 16 ಮೆಗಾಬಿಟ್ ವೇಗದಲ್ಲಿ ದಾಖಲಾದ 45 ನಿಮಿಷಗಳ ಉಪನ್ಯಾಸವು ಸುಮಾರು 5,400 ಎಂಬಿ ಆಗುತ್ತದೆ. ಸೆಕೆಂಡಿಗೆ 500 ಕಿಲೋಬಿಟ್ ಮಾತ್ರ ದೊರೆಯುವ ಊರಿನಲ್ಲಿ ಅದನ್ನು ಇಳಿಸಿಕೊಳ್ಳಲು ಒಂದು ಹಗಲು, ಒಂದು ರಾತ್ರಿ ಬೇಕು. ಅದೇ ಉಪನ್ಯಾಸ 60 ಎಂಬಿ ಆಸುಪಾಸಿಗೆ ಇಳಿದರೆ 16 ನಿಮಿಷಗಳು ಸಾಕು. ಆದರೆ ಕಿರಿದುಗೊಳಿಸುವಾಗ ಪರದೆಯ ಮೇಲಿನ ಅನುದಾನ ಪಟ್ಟಿಯಲ್ಲಿ 8 ಎಂಬ ಅಂಕಿಯು 3ರಂತೆ ಕಂಡರೆ, ಆ ವಿಡಿಯೊ ತಲುಪಿಯೂ ಪ್ರಯೋಜನವಿಲ್ಲ. ಆದುದರಿಂದ ಕಿರಿದುಗೊಳಿಸುವ ಎರಡು ವಿಧಾನಗಳ ವ್ಯತ್ಯಾಸವನ್ನು ಸದಸ್ಯರೂ ಕಚೇರಿಯ ಡಾಟಾ ಎಂಟ್ರಿ ಆಪರೇಟರ್‌ಗಳೂ ತಿಳಿದಿರುವುದು ಸೂಕ್ತ.

ಎರಡು ವಿಧಾನಗಳು

ಬಿಟ್‌ರೇಟ್ ಎಂದರೆ ವಿಡಿಯೊದ ಪ್ರತಿ ಸೆಕೆಂಡಿಗೆ ವೆಚ್ಚವಾಗುವ ದತ್ತಾಂಶದ ಪ್ರಮಾಣ. ಗುರಿ ಬಿಟ್‌ರೇಟ್ ವಿಧಾನದಲ್ಲಿ ಈ ವೆಚ್ಚವನ್ನು ಮೊದಲೇ ನಿಗದಿಪಡಿಸಲಾಗುತ್ತದೆ. ಕಡತದ ಗಾತ್ರ ಎಷ್ಟಾಗುವುದೆಂದು ಮುಂಚಿತವಾಗಿ ತಿಳಿಯುತ್ತದೆ. ಚಿತ್ರ ಎಷ್ಟು ಸ್ಪಷ್ಟವಾಗಿರುವುದೆಂದು ತಿಳಿಯುವುದಿಲ್ಲ. ಸಿಆರ್‌ಎಫ್ ಎಂದು ಕರೆಯುವ ಸ್ಥಿರ ಗುಣಮಟ್ಟದ ವಿಧಾನದಲ್ಲಿ ಸ್ಪಷ್ಟತೆಯ ಮಟ್ಟವನ್ನು ಒಂದು ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಅಲ್ಲಿ ಗುಣಮಟ್ಟ ಹೆಚ್ಚುಕಡಿಮೆ ಸಮನಾಗಿರುತ್ತದೆ. ಗಾತ್ರ ಎಷ್ಟಾಯಿತೆಂಬುದು ಕೆಲಸ ಮುಗಿದ ಮೇಲೆಯೇ ಗೊತ್ತಾಗುತ್ತದೆ.

ಪಂಚಾಯಿತಿಯ ಕಾಮಗಾರಿಗೆ ಹೋಲಿಸಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗುರಿ ಬಿಟ್‌ರೇಟ್ ಎಂದರೆ ಎಲ್ಲ ವಾರ್ಡುಗಳಿಗೂ ಹೆಚ್ಚುಕಡಿಮೆ ಸಮನಾದ ಮೊತ್ತವನ್ನು ಹಂಚಿ, ಅಷ್ಟನ್ನೂ ಖರ್ಚು ಮಾಡಬೇಕೆಂದು ಹೇಳಿದಂತೆ. ಕಾಮಗಾರಿ ಚಿಕ್ಕದಿರುವಲ್ಲಿ ಹಣ ವ್ಯರ್ಥವಾಗುತ್ತದೆ, ದೊಡ್ಡದಿರುವಲ್ಲಿ ಸಾಲದಾಗುತ್ತದೆ. ಸಿಆರ್‌ಎಫ್ ಎಂದರೆ ಕಾಮಗಾರಿಯ ಗುಣಮಟ್ಟವನ್ನು ನಿಗದಿಪಡಿಸಿ, ಪ್ರತಿ ಸ್ಥಳದಲ್ಲಿ ತಗಲುವಷ್ಟು ಮಾತ್ರ ವೆಚ್ಚ ಮಾಡಿದಂತೆ.

ಉಪನ್ಯಾಸದ ವಿಡಿಯೊಗೆ ಎರಡನೆಯದು ಹೆಚ್ಚು ಹೊಂದುತ್ತದೆ. ಉಪನ್ಯಾಸದ ಬಹುಭಾಗದಲ್ಲಿ ಒಂದೇ ಪಟ್ಟಿ ಪರದೆಯ ಮೇಲೆ ನಿಶ್ಚಲವಾಗಿರುತ್ತದೆ. ಬದಲಾಗದ ಚಿತ್ರವನ್ನು ಮತ್ತೆ ಮತ್ತೆ ಬರೆದಿಡುವ ಅಗತ್ಯವಿಲ್ಲದ ಕಾರಣ ಸಿಆರ್‌ಎಫ್ ಅಲ್ಲಿ ಬಹಳ ಕಡಿಮೆ ವೆಚ್ಚ ಮಾಡಿ, ಪುಟ ಬದಲಾದಾಗ ಅಥವಾ ಸಭಿಕರು ಎದ್ದು ನಿಂತು ಪ್ರಶ್ನೆ ಕೇಳುವಾಗ ಹೆಚ್ಚು ವೆಚ್ಚ ಮಾಡುತ್ತದೆ.

ಸಂಖ್ಯೆಯ ಆಯ್ಕೆ

ಎಕ್ಸ್264 ಎಂಬ ಸಂಕುಚನ ತಂತ್ರಾಂಶದಲ್ಲಿ ಸಿಆರ್‌ಎಫ್ ಸಂಖ್ಯೆ ಸಾಮಾನ್ಯವಾಗಿ 0ಯಿಂದ 51ರವರೆಗೆ ಇರುತ್ತದೆ. ಸಂಖ್ಯೆ ಹೆಚ್ಚಿದಂತೆ ಗಾತ್ರವೂ ಸ್ಪಷ್ಟತೆಯೂ ಕಡಿಮೆಯಾಗುತ್ತವೆ. ತಂತ್ರಾಂಶವು ತಾನಾಗಿ ಬಳಸುವ ಸಂಖ್ಯೆ 23. ಸಂಖ್ಯೆಯನ್ನು 6ರಷ್ಟು ಏರಿಸಿದರೆ ಚಿತ್ರದ ಗಾತ್ರ ಸರಿಸುಮಾರು ಅರ್ಧವಾಗುತ್ತದೆ. ನಿಧಾನಗತಿಯ ಮೊಬೈಲ್ ಜಾಲಕ್ಕೆ 28ರಿಂದ ಆರಂಭಿಸಿ ನೋಡುವುದು ಒಳಿತು. ಈ ಸಂಖ್ಯೆಯ ಅರ್ಥ ಆಯಾ ಸಂಕುಚನ ತಂತ್ರಾಂಶಕ್ಕೆ ಸೀಮಿತವಾದುದು. ಎಕ್ಸ್264ರ 28 ಮತ್ತು ಎಕ್ಸ್265ರ 28 ಒಂದೇ ಗುಣಮಟ್ಟವನ್ನು ಸೂಚಿಸುವುದಿಲ್ಲ.

ಉಚಿತವಾಗಿ ದೊರೆಯುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಗುಣಮಟ್ಟದ ಆಯ್ಕೆಗೆ Constant Quality ಎಂದೂ, ಗುರಿ ಬಿಟ್‌ರೇಟ್‌ಗೆ Avg Bitrate ಎಂದೂ ಹೆಸರಿದೆ. ಮೇಲಿನ 45 ನಿಮಿಷಗಳ ಉಪನ್ಯಾಸವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಚಿತ್ರದ ಎತ್ತರ 480, ಸೆಕೆಂಡಿಗೆ 15 ಚಿತ್ರಗಳು, ಧ್ವನಿಗೆ ಒಂದೇ ವಾಹಿನಿಯಲ್ಲಿ 40 ಕಿಲೋಬಿಟ್, ಸಿಆರ್‌ಎಫ್ 28 ಎಂದು ನಿಗದಿಪಡಿಸಲಾಗಿದೆ ಎಂದುಕೊಳ್ಳೋಣ. ಪೂರ್ಣ ವಿಡಿಯೊವನ್ನು ಕಿರಿದುಗೊಳಿಸುವ ಮೊದಲು ಆರಂಭದ, ನಡುವಿನ ಮತ್ತು ಪ್ರಶ್ನೋತ್ತರದ ಭಾಗಗಳಿಂದ ತಲಾ ಒಂದು ನಿಮಿಷವನ್ನು ಪರೀಕ್ಷಿಸತಕ್ಕದ್ದು. ಅವು ಕ್ರಮವಾಗಿ 1.0, 1.2 ಮತ್ತು 1.7 ಎಂಬಿ ಬಂದರೆ ಸರಾಸರಿ 1.3 ಎಂಬಿ ಆಗುತ್ತದೆ. ಅದನ್ನು 45ರಿಂದ ಗುಣಿಸಿದರೆ ಸುಮಾರು 59 ಎಂಬಿ. ನಿಶ್ಚಲ ಪುಟವಿರುವ ಒಂದೇ ನಿಮಿಷವನ್ನು ಪರೀಕ್ಷಿಸಿ ಲೆಕ್ಕ ಹಾಕಿದರೆ ಅಂದಾಜು ತಪ್ಪುತ್ತದೆ.

ಮಿತಿ ಹಾಕುವುದು

ಸಿಆರ್‌ಎಫ್ ವಿಧಾನದ ದೌರ್ಬಲ್ಯವೆಂದರೆ ಅದಕ್ಕೆ ತಾನಾಗಿ ವೆಚ್ಚದ ಮಿತಿ ಇಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿದು ಚಿತ್ರೀಕರಿಸಿದರೆ ಪ್ರತಿ ಕ್ಷಣವೂ ಇಡೀ ಚಿತ್ರ ಅಲುಗುತ್ತದೆ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಸಣ್ಣ ಚುಕ್ಕೆಗಳು ಕುಣಿಯುತ್ತಿರುತ್ತವೆ. ಹಿನ್ನೆಲೆಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ಅದು ಚಲನೆಯೇ. ತಂತ್ರಾಂಶವು ಇವೆಲ್ಲವನ್ನೂ ಉಳಿಸಬೇಕಾದ ವಿವರವೆಂದು ಭಾವಿಸಿ ವೆಚ್ಚ ಮಾಡುತ್ತದೆ. ಪರೀಕ್ಷೆಯ ತುಣುಕು ನಿರೀಕ್ಷೆಗಿಂತ ಎರಡು ಮೂರು ಪಟ್ಟು ದೊಡ್ಡದಾಗಿದ್ದರೆ ಕಾರಣ ಬಹುತೇಕ ಇವುಗಳಲ್ಲಿ ಒಂದಾಗಿರುತ್ತದೆ. ಮುಂದಿನ ಬಾರಿ ಸ್ಟ್ಯಾಂಡ್ ಮತ್ತು ಸಾಕಷ್ಟು ಬೆಳಕು ಒದಗಿಸುವುದೇ ಅದಕ್ಕೆ ಸರಿಯಾದ ಪರಿಹಾರ.

ಈಗಾಗಲೇ ಚಿತ್ರೀಕರಿಸಿದ ವಿಡಿಯೊಗೆ ಗರಿಷ್ಠ ಮಿತಿಯನ್ನು ಸೇರಿಸಬಹುದು. ಹ್ಯಾಂಡ್‌ಬ್ರೇಕ್‌ನ Video ಪುಟದಲ್ಲಿರುವ ಹೆಚ್ಚುವರಿ ಆಯ್ಕೆಗಳ ಸಾಲಿನಲ್ಲಿ ಹೀಗೆ ನಮೂದಿಸಬೇಕು:

```
vbv-maxrate=250:vbv-bufsize=500
```

ಇದರಿಂದ ಗುಣಮಟ್ಟದ ಸಂಖ್ಯೆ 28 ಆಗಿಯೇ ಇರುತ್ತದೆ. ಆದರೆ ಚಿತ್ರದ ವೆಚ್ಚವು ದೀರ್ಘಕಾಲ ಸೆಕೆಂಡಿಗೆ 250 ಕಿಲೋಬಿಟ್‌ಗಿಂತ ಮೇಲೆ ಉಳಿಯಲಾರದು. ಇಡೀ ಉಪನ್ಯಾಸ ಈ ಮಿತಿಯನ್ನೇ ಮುಟ್ಟಿದರೂ ಧ್ವನಿ ಸೇರಿ ಕಡತ ಸುಮಾರು 98 ಎಂಬಿ ಆಗುತ್ತದೆ. ಇಳಿಸಿಕೊಳ್ಳದೆ ನೇರವಾಗಿ ವೀಕ್ಷಿಸುವವರಿಗೂ ಈ ಮಿತಿ ಅಗತ್ಯ. ವಿಡಿಯೊದ ವೆಚ್ಚವು ಜಾಲದ ವೇಗವನ್ನು ಮೀರಿದ ಜಾಗದಲ್ಲಿಯೇ ಅದು ನಿಂತು ನಿಂತು ಸಾಗುತ್ತದೆ.

ಗುರಿ ಬಿಟ್‌ರೇಟ್ ಯಾವಾಗ?

ಕಡತವು ಇಂತಿಷ್ಟು ಎಂಬಿ ಮೀರಲೇಬಾರದು ಎಂಬ ನಿಯಮವಿದ್ದಾಗ ಗುರಿ ಬಿಟ್‌ರೇಟ್ ವಿಧಾನವೇ ಸರಿ. ಲೆಕ್ಕ ಸರಳವಾಗಿದೆ. 60 ಎಂಬಿ ಎಂದರೆ 4,80,000 ಕಿಲೋಬಿಟ್. ಅದನ್ನು 45 ನಿಮಿಷಗಳ 2,700 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 178 ಬರುತ್ತದೆ. ಧ್ವನಿಗೆ 40 ಕಳೆದು, ಕಡತದ ಇತರ ಅಗತ್ಯಕ್ಕೆ ಸ್ವಲ್ಪ ಬಿಟ್ಟರೆ ಚಿತ್ರಕ್ಕೆ 135 ಕಿಲೋಬಿಟ್ ಉಳಿಯುತ್ತದೆ.

ಇಲ್ಲಿ ಎರಡು ಸುತ್ತಿನ ಸಂಕುಚನವನ್ನು ಕಡ್ಡಾಯವಾಗಿ ಆಯ್ಕೆ ಮಾಡತಕ್ಕದ್ದು. ಮೊದಲ ಸುತ್ತಿನಲ್ಲಿ ತಂತ್ರಾಂಶವು ಸಮೀಕ್ಷೆಯಂತೆ ಇಡೀ ವಿಡಿಯೊವನ್ನು ಪರಿಶೀಲಿಸುತ್ತದೆ. ಎರಡನೆಯ ಸುತ್ತಿನಲ್ಲಿ ಕ್ರಿಯಾ ಯೋಜನೆಯಂತೆ, ಅಗತ್ಯವಿರುವ ಕಡೆಗೆ ಹೆಚ್ಚು ಪಾಲು ನೀಡುತ್ತದೆ. ಒಂದೇ ಸುತ್ತಿನಲ್ಲಿ ಮುಗಿಸಿದರೆ ಮುಂದೆ ಏನಿದೆ ಎಂಬುದು ಅದಕ್ಕೆ ಪೂರ್ತಿ ತಿಳಿದಿರುವುದಿಲ್ಲವಾದ್ದರಿಂದ ಹಂಚಿಕೆ ಏರುಪೇರಾಗುತ್ತದೆ. ಹಾಗೆಯೇ, 40 ಎಂಬಿಯಲ್ಲಿ ಸ್ಪಷ್ಟವಾಗಿ ಮುಗಿಯಬಹುದಾಗಿದ್ದ ಉಪನ್ಯಾಸಕ್ಕೂ ಈ ವಿಧಾನ 60 ಎಂಬಿಯನ್ನೇ ಬಳಸುತ್ತದೆ. ಆ ಹೆಚ್ಚುವರಿ 20 ಎಂಬಿಯ ವೆಚ್ಚ ಸ್ವೀಕರಿಸುವ ಪ್ರತಿಯೊಬ್ಬ ಸದಸ್ಯರ ಡಾಟಾ ಪ್ಯಾಕ್‌ನ ಮೇಲೆ ಬೀಳುತ್ತದೆ.

ಕಳುಹಿಸುವ ಮುನ್ನ

ಪರಿಶೀಲನೆಯನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಮಾತ್ರವಲ್ಲದೆ ಮೊಬೈಲ್‌ನಲ್ಲಿಯೂ ನಡೆಸಬೇಕು. ಪುಟ ಬದಲಾದ ಕೂಡಲೇ ಚೌಕಟ್ಟಿನಂತಹ ಕಲೆಗಳು ಮೂಡಿ ಕೆಲವು ಸೆಕೆಂಡು ಉಳಿದರೆ ಬಿಟ್‌ರೇಟ್ ಸಾಲದೆಂದು ತಿಳಿಯಬೇಕು. ಕನ್ನಡ ಪಠ್ಯದಲ್ಲಿ ಮೊದಲು ಮಸುಕಾಗುವುದು ಒತ್ತಕ್ಷರಗಳು. ಅನುದಾನ ಪಟ್ಟಿಯ ಅತಿ ಸಣ್ಣ ಸಾಲಿನ ಒತ್ತಕ್ಷರ ಮತ್ತು ಅಂಕಿಗಳು ಓದಲು ಬರುತ್ತವೆಯೇ ಎಂಬುದೇ ನಿರ್ಣಾಯಕ ಪರೀಕ್ಷೆ. ಓದಲಾಗದಿದ್ದರೆ ಸಿಆರ್‌ಎಫ್ ಸಂಖ್ಯೆಯನ್ನು 25ಕ್ಕೆ ಇಳಿಸಿ ನೋಡಬಹುದು. ಆಗಲೂ ಓದಲಾಗದಿದ್ದರೆ ತೊಂದರೆ ಚಿತ್ರದ ಅಳತೆಯಲ್ಲಿದೆ. ಎತ್ತರವನ್ನು 720ಕ್ಕೆ ಏರಿಸಬೇಕು. ಮೂಲ ಚಿತ್ರೀಕರಣದಲ್ಲಿಯೇ ಅಕ್ಷರ ಮಸುಕಾಗಿದ್ದಲ್ಲಿ ಯಾವ ಸಂಖ್ಯೆಯೂ ಅದನ್ನು ಮರಳಿ ತರಲಾರದು. ಅಂತಹ ಪಟ್ಟಿಯನ್ನು ಪ್ರತ್ಯೇಕ ಪಿಡಿಎಫ್ ಆಗಿ ಲಗತ್ತಿಸುವುದು ಸೂಕ್ತ.

ಸಿದ್ಧವಾದ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿದರೆ ಅದು ಮತ್ತೊಮ್ಮೆ ಸಂಕುಚನಗೊಂಡು ಸ್ಪಷ್ಟತೆ ಕಳೆದುಕೊಳ್ಳಬಹುದು. ಆದ್ದರಿಂದ ಡಾಕ್ಯುಮೆಂಟ್ ಆಗಿ ಲಗತ್ತಿಸಿ ಕಳುಹಿಸಬೇಕು. ಮೂಲ ಕಡತವನ್ನು ಕಚೇರಿಯಲ್ಲಿ ಉಳಿಸಿಕೊಳ್ಳತಕ್ಕದ್ದು. ಬೇರೆ ಗಾತ್ರದ ಪ್ರತಿ ಬೇಕಾದಾಗ, ಈಗಾಗಲೇ ಕಿರಿದಾದ ಪ್ರತಿಯಿಂದಲ್ಲದೆ ಮೂಲದಿಂದಲೇ ಅದನ್ನು ಸಿದ್ಧಪಡಿಸಬೇಕು.